ಮಂಗಳವಾರದ ಲೆಕ್ಕ, ಸೋಮವಾರದ ಸೌದಾ



ಪ್ರತಿ ಶನಿವಾರ ಬೆಳಿಗ್ಗೆ ಸರಾಫ್ ಬಜಾರಿನ, ನೆಹರು ಗಂಜಿನ ನಮ್ಮೆಲ್ಲರ ಫೋನುಗಳಿಗೆ ಒಂದು ಸಂದೇಶ ಬರುತ್ತದೆ: "ಚಿನ್ನದಲ್ಲಿ ಸಟ್ಟಾದವರ ಖರೀದಿ ಹತ್ತು ಸಾವಿರ ಲಾಟ್ ಏರಿದೆ. ಸೋಮವಾರ ತೇಜಿ." ಇದರ ಮೂಲ ಅಮೆರಿಕದ ಸರಕು ವಾಯಿದಾ ನಿಯಂತ್ರಕ ಸಂಸ್ಥೆ ಸಿಎಫ್‌ಟಿಸಿ ಹೊರಡಿಸುವ ವಾರದ ವರದಿ. ನ್ಯೂಯಾರ್ಕಿನ ಕಾಮೆಕ್ಸ್‌ನಲ್ಲಿ ಯಾವ ವರ್ಗದವರ ಬಳಿ ಎಷ್ಟು ಕೊಂಡ ಸೌದಾ, ಎಷ್ಟು ಮಾರಿದ ಸೌದಾ ಬಾಕಿ ಇದೆ ಎಂದು ಅದು ಹೇಳುತ್ತದೆ. ಒಂದು ಸೌದಾ ಎಂದರೆ 100 ಟ್ರಾಯ್ ಔನ್ಸ್, ನಮ್ಮ ತೂಕದಲ್ಲಿ ಸುಮಾರು 3.11 ಕಿಲೋ ಚಿನ್ನ. ವರದಿ ಒಳ್ಳೆಯದು, ಪುಕ್ಕಟೆ ಸಿಗುತ್ತದೆ. ನನ್ನ ತಕರಾರು ಅದನ್ನು ಓದುವ ರೀತಿಯ ಬಗ್ಗೆ. ವರ್ಷಗಟ್ಟಲೆ ಇದನ್ನೇ ಹೇಳುತ್ತಾ ಬಂದಿದ್ದೇನೆ. ಇಂದು ಪೂರ್ತಿ ಹೇಳುತ್ತೇನೆ.

ಮೊದಲು ತಾರೀಖು ನೋಡಿ. ವರದಿಯಲ್ಲಿರುವುದು ಮಂಗಳವಾರ ವ್ಯಾಪಾರ ಮುಗಿದಾಗಿನ ಲೆಕ್ಕ. ಹೊರಬರುವುದು ಶುಕ್ರವಾರ ಅಲ್ಲಿಯ ಮಧ್ಯಾಹ್ನ ಮೂರೂವರೆಗೆ. ಆಗ ನಮಗೆ ಶನಿವಾರ ನಸುಕಿನ ಒಂದು ಗಂಟೆ, ಚಳಿಗಾಲದಲ್ಲಿ ಎರಡು. ನಮ್ಮ ಎಂಸಿಎಕ್ಸ್ ತೆರೆಯುವುದು ಸೋಮವಾರ. ನಾವು ಸೌದಾ ಹಾಕುವ ಹೊತ್ತಿಗೆ ಆ ಅಂಕಿಗೆ ಆರು ದಿನದ ವಯಸ್ಸು. ಗಂಜಿನಲ್ಲಿ ಕಳೆದ ಮಂಗಳವಾರ ಎಷ್ಟು ತೊಗರಿ ಆವಕ ಇತ್ತೆಂದು ಕೇಳಿ ಇಂದಿನ ದರ ಹೇಳುವ ಅಡತಿಯವನನ್ನು ನೀವು ನಂಬುತ್ತೀರಾ? ಚಿನ್ನದಲ್ಲಿ ಮಾತ್ರ ಏಕೆ ನಂಬುತ್ತೀರಿ?

2025ರ ದೀಪಾವಳಿ ನೆನಪಿಸಿಕೊಳ್ಳಿ. ಅಕ್ಟೋಬರ್ 1ರಿಂದ ಅಮೆರಿಕದ ಸರ್ಕಾರಿ ಕಚೇರಿಗಳು ಹಣ ಮಂಜೂರಾಗದೆ ಮುಚ್ಚಿದ್ದವು. ವಾರದ ವರದಿಯೂ ನಿಂತಿತ್ತು. ಜಗತ್ತಿನ ಕೈಯಲ್ಲಿದ್ದ ಕೊನೆಯ ಲೆಕ್ಕ ಸೆಪ್ಟೆಂಬರ್ 23ರ ಮಂಗಳವಾರದ್ದು. ಅಕ್ಟೋಬರ್ 21, ಅಮಾವಾಸ್ಯೆಯ ದಿನ, ಅಂತರರಾಷ್ಟ್ರೀಯ ಬೆಲೆ ಒಂದೇ ದಿನದಲ್ಲಿ ಶೇಕಡಾ 5ಕ್ಕಿಂತ ಹೆಚ್ಚು ಬಿತ್ತು. ಅದೇ ವಾರ ಪರಿಚಯದ ಹುಡುಗನೊಬ್ಬ ನನ್ನ ಮನೆಗೆ ಬಂದು ಫೋನ್ ಮುಂದೆ ಹಿಡಿದ. "ಕಾಕಾ, ಸಟ್ಟಾದವರು ಇನ್ನೂ ಖರೀದಿಯಾಗೇ ಇದ್ದಾರ್ರಿ, ನಾನೂ ತಗೋಬೇಕಂತೀನಿ." ಆ ಅಂಕಿ ನಾಲ್ಕು ವಾರ ಹಿಂದಿನದು. ಕಳಿಸಿದವರು ತಾರೀಖನ್ನೇ ಹಾಕಿರಲಿಲ್ಲ. ನವೆಂಬರ್ 12ಕ್ಕೆ ಕಚೇರಿಗಳು ತೆರೆದ ಮೇಲೆ ಬಾಕಿ ವರದಿಗಳು ಒಂದೊಂದಾಗಿ ಹೊರಬಿದ್ದವು. ನವೆಂಬರ್ ಕೊನೆಯಲ್ಲಿ ಅಕ್ಟೋಬರ್ ತಿಂಗಳ ಲೆಕ್ಕ ಬರುತ್ತಿತ್ತು; ಅದನ್ನೂ ಆ ವಾರದ ಸುದ್ದಿಯೆಂದು ಹಂಚಿದರು.

ಎರಡನೆಯದು, ನಿವ್ವಳ ಎಂಬ ಅಂಕಿ. ಕೊಂಡದ್ದರಲ್ಲಿ ಮಾರಿದ್ದನ್ನು ಕಳೆದರೆ ನಿವ್ವಳ. ತಿಳಿಯಲೆಂದು ಒಂದು ಲೆಕ್ಕ ಕಟ್ಟುತ್ತೇನೆ. ಕಳೆದ ವಾರ ಹೂಡಿಕೆ ನಿಧಿಗಳವರ ಬಳಿ, ವರದಿಯಲ್ಲಿ 'ಮ್ಯಾನೇಜ್ಡ್ ಮನಿ' ಎನ್ನುವ ವರ್ಗದ ಬಳಿ, 1,50,000 ಕೊಂಡ ಸೌದಾ, 50,000 ಮಾರಿದ ಸೌದಾ ಇದ್ದವು ಎನ್ನಿ. ನಿವ್ವಳ ಒಂದು ಲಕ್ಷ. ಈ ವಾರ ಕೊಂಡದ್ದು 1,48,000, ಮಾರಿದ್ದು 38,000. ನಿವ್ವಳ 1,10,000. ಶನಿವಾರದ ಸಂದೇಶ ಹೇಳುವುದು ಹತ್ತು ಸಾವಿರದ ಹೊಸ ಖರೀದಿ. ಆದರೆ ತೇಜಿ ನಂಬಿದವರ ಸೌದಾ ಎರಡು ಸಾವಿರ ಕಡಿಮೆಯಾಗಿದೆ! ಮಂದಿ ಎಂದು ಮಾರಿ ಕುಳಿತವರು ಹನ್ನೆರಡು ಸಾವಿರ ಸೌದಾ ವಾಪಸ್ ಕೊಂಡು ಹೊರಗೆ ಹೋಗಿದ್ದಾರೆ. ಹೆದರಿ ಹೊರಬಿದ್ದವರ ಖರೀದಿಯನ್ನು ನಂಬಿ ಬಂದವರ ಖರೀದಿ ಎಂದು ಓದಿದ್ದೇವೆ. ಹೊರಬೀಳುವವರು ಮುಗಿದರೆ ಆ ಖರೀದಿಯೂ ಅಲ್ಲಿಗೇ ಮುಗಿಯಿತು. ಪತ್ತೆಹಚ್ಚುವುದು ಕಷ್ಟವಲ್ಲ: ಎರಡೂ ಕಾಲಂಗಳನ್ನು ಬೇರೆ ಬೇರೆ ಓದಿ, ಮಾರುಕಟ್ಟೆಯ ಒಟ್ಟು ಬಾಕಿ ಸೌದಾ ಏರಿತೋ ಇಳಿಯಿತೋ ನೋಡಿ. ಬೆಲೆ ಏರಿ ಒಟ್ಟು ಬಾಕಿ ಇಳಿದಿದ್ದರೆ, ಹೊಸ ಹಣಕ್ಕಿಂತ ಹಳೆಯ ಸೌದಾ ಮುಗಿಸುವವರದೇ ಕೈ ಹೆಚ್ಚು.

ಮೂರನೆಯದು, ತುದಿಯ ಅಂಕಿ. "ಎಲ್ಲರೂ ಮಾರಿದ್ದಾರೆ, ಇನ್ನು ಏರಲೇಬೇಕು" ಎಂಬ ವಾದ. ಇದರ ನೋವು ನನ್ನ ಮನೆಯದೇ. 2018ರ ಜುಲೈನಲ್ಲಿ ಈ ನಿಧಿಗಳ ನಿವ್ವಳ ಮಾರಾಟದ ಕಡೆಗೆ ತಿರುಗಿತ್ತು. ಒಬ್ಬ ದಲ್ಲಾಳಿ ನನ್ನ ತಮ್ಮನಿಗೆ 2015ರ ಡಿಸೆಂಬರ್ ತೋರಿಸಿದರು. ಆಗಲೂ ಹೀಗೆಯೇ ಮಾರಿದ್ದರು, ಬೆಲೆ ಅಲ್ಲಿಂದಲೇ ಎದ್ದಿತ್ತು, ಅದು ನಿಜ. ತಮ್ಮ ಕೊಂಡ. ಬೆಲೆ ಆಗಸ್ಟ್ ಮಧ್ಯದವರೆಗೂ ಇಳಿದು ಔನ್ಸಿಗೆ 1,200 ಡಾಲರ್ ಕೆಳಗೆ ಹೋಯಿತು, ಅಕ್ಟೋಬರ್‌ವರೆಗೆ ಅದರ ಆಸುಪಾಸಿನಲ್ಲೇ ತೂಗಾಡಿತು. ಕೊನೆಗೆ ಏರಿತು, ಆದರೆ ಅಷ್ಟರೊಳಗೆ ಮಾರ್ಜಿನ್ ತುಂಬಲಾಗದೆ ಅವನ ಸೌದಾ ಕಡಿದು ಹೋಗಿತ್ತು. ಒಂದೇ ಕಡೆ ಜನ ತುಂಬಿದ್ದಾರೆ, ತಿರುಗಿದರೆ ಜೋರಾಗಿ ತಿರುಗುತ್ತದೆ ಎಂದಷ್ಟೇ ಆ ಅಂಕಿ ಹೇಳುತ್ತದೆ. ಯಾವಾಗ ಎಂಬುದನ್ನು ಹೇಳುವುದಿಲ್ಲ.

ಈ ಸಭೆಯ ಹಳೆಯ ಜಗಳವೊಂದಿದೆ, ಅದನ್ನೂ ಮುಗಿಸುತ್ತೇನೆ. "ದೊಡ್ಡ ಬ್ಯಾಂಕುಗಳು ಯಾವಾಗಲೂ ಮಾರಿಯೇ ಕೂತಿರುತ್ತವೆ, ಬೆಲೆ ಅದುಮುವುದು ಅವರೇ" ಎಂದು ಇದೇ ವೇದಿಕೆಯಲ್ಲಿ ಒಬ್ಬರು ವಾದಿಸಿದ್ದರು. ನಾನು ಎದ್ದು ಉತ್ತರ ಕೊಡಹೋದಾಗ ಸಮಯವಾಯಿತೆಂದು ಕೂರಿಸಿದಿರಿ. ಉತ್ತರ ಇಷ್ಟೇ. ತಿಜೋರಿಯಲ್ಲಿ ಒಂದು ಕಿಲೋ ಚಿನ್ನ ಇಟ್ಟುಕೊಂಡ ಸರಾಫರು ದರ ಇಳಿದರೆ ನಷ್ಟವಾಗಬಾರದೆಂದು ಎಂಸಿಎಕ್ಸ್‌ನಲ್ಲಿ ಒಂದು ಕಿಲೋ ಮಾರುತ್ತಾರೆ. ಅವರು ಮಂದಿಯವರೇ? ಅಲ್ಲ, ತಿಜೋರಿಗೆ ರಕ್ಷಣೆ ಮಾಡಿಕೊಂಡವರು. ಬ್ಯಾಂಕುಗಳದ್ದೂ ಬಹುಮಟ್ಟಿಗೆ ಇದೇ ಕಥೆ: ವರದಿಯಲ್ಲಿ ಮಾರಿದ ಸೌದಾ ಕಾಣುತ್ತದೆ, ತಿಜೋರಿ ಕಾಣುವುದಿಲ್ಲ. ಹಾಗೆಯೇ 2022, 2023, 2024ರಲ್ಲಿ ಜಗತ್ತಿನ ಕೇಂದ್ರೀಯ ಬ್ಯಾಂಕುಗಳು ವರ್ಷಕ್ಕೆ ಸಾವಿರ ಟನ್ನಿಗೂ ಹೆಚ್ಚು ಚಿನ್ನ ಕೊಂಡವು. ಆ ಗಟ್ಟಿ ಚಿನ್ನವೂ ಈ ಕಾಲಂಗಳಲ್ಲಿಲ್ಲ. 2024ರ ಜುಲೈ 23ರಂದು ನಮ್ಮ ಆಮದು ಸುಂಕ ಶೇಕಡಾ 15ರಿಂದ 6ಕ್ಕೆ ಇಳಿದಾಗ ಇಲ್ಲಿಯ ದರ ಒಂದೇ ದಿನ ಸಾವಿರಾರು ರೂಪಾಯಿ ಕುಸಿಯಿತು. ಅದನ್ನು ನ್ಯೂಯಾರ್ಕಿನ ಯಾವ ಸಟ್ಟಾ ಲೆಕ್ಕವೂ ಮೊದಲೇ ಹೇಳಲು ಸಾಧ್ಯವಿರಲಿಲ್ಲ.

ಇನ್ನು ನನ್ನ ಸೂಚನೆಗಳು. ಒಂದು, ಪ್ರತಿ ಸೋಮವಾರ ಬೆಳಿಗ್ಗೆ ಸರಾಫ್ ಬಜಾರಿನಲ್ಲಿ ಕನ್ನಡದ ಒಂದು ಹಾಳೆ ಅಂಟಿಸೋಣ. ಮೇಲೆ ದಪ್ಪ ಅಕ್ಷರದಲ್ಲಿ ಆ ಮಂಗಳವಾರದ ತಾರೀಖು. ಕೆಳಗೆ ಕೊಂಡದ್ದು, ಮಾರಿದ್ದು, ಎರಡರ ಬದಲಾವಣೆ ಬೇರೆ ಬೇರೆ, ಒಟ್ಟು ಬಾಕಿ ಸೌದಾ, ಅದರಲ್ಲಿ ನಿವ್ವಳದ ಶೇಕಡಾ ಪಾಲು. ಕೊನೆಯ ಸಾಲಿನಲ್ಲಿ, ಹಿಂದಿನ ಮೂರು ವರ್ಷದ 156 ವಾರಗಳಲ್ಲಿ ಎಷ್ಟು ವಾರ ನಿವ್ವಳ ಇದಕ್ಕಿಂತ ಕಡಿಮೆ ಇತ್ತು ಎಂಬ ಎಣಿಕೆ. ಖರೀದಿಸಿ, ಮಾರಿ ಎಂಬ ಮಾತು ಆ ಹಾಳೆಯಲ್ಲಿ ಬೇಡ. ಎರಡು, ಸೆಬಿ 2019ರಲ್ಲಿ ನಮ್ಮ ವಿನಿಮಯ ಕೇಂದ್ರಗಳಿಗೂ ವರ್ಗವಾರು ಬಾಕಿ ಸೌದಾ ಪ್ರಕಟಿಸಲು ಹೇಳಿದೆ. ಎಂಸಿಎಕ್ಸ್‌ನ ಆ ಲೆಕ್ಕವನ್ನು ಪಕ್ಕದಲ್ಲೇ ಬರೆಯೋಣ. ಮೂರು, ತಾರೀಖಿಲ್ಲದ ಅಂಕಿಯನ್ನು ನಮ್ಮ ಸದಸ್ಯರು ಯಾರಿಗೂ ಕಳಿಸಬಾರದು ಎಂದು ಇಂದೇ ಠರಾವು ಆಗಲಿ. ನಾಲ್ಕು, ಸೆಬಿ ಇಂಥ ಲೆಕ್ಕಗಳನ್ನು ಕನ್ನಡದಲ್ಲೇ ಕೊಡುವಂತಾಗಲಿ, ಅಮೆರಿಕದವರು ಮಂಗಳವಾರದ ಲೆಕ್ಕವನ್ನು ಬುಧವಾರವೇ ಹೊರಗೆ ಹಾಕುವಂತಾಗಲಿ. ಇದು ಸದ್ಯಕ್ಕೆ ಆಸೆ, ಗೊತ್ತು, ಆದರೂ ದಾಖಲೆಯಲ್ಲಿರಲಿ.

ಮೊದಲನೆಯ ಸೂಚನೆಯನ್ನು ಹಿಂದೆಯೂ ಕೊಟ್ಟಿದ್ದೆ. ಪ್ರತಿ ಸಲ ಅದು ಕಾರ್ಯಸೂಚಿಯ ಕೊನೆಗೆ ಹೋಗಿ, ಊಟದ ಹೊತ್ತಾಯಿತೆಂದು ಬಿದ್ದುಹೋಯಿತು. ಈ ಸಲ ಊಟಕ್ಕೆ ಮೊದಲೇ ಮತಕ್ಕೆ ಹಾಕುತ್ತಿದ್ದೇನೆ. ಹಾಳೆ ಬರೆಯಲು ಇಬ್ಬರು ಬೇಕು. ಮೊದಲ ಹೆಸರು ನನ್ನ ತಮ್ಮನದು, ಅವನೇ ಕೇಳಿಕೊಂಡಿದ್ದಾನೆ. ಎರಡನೆಯ ಹೆಸರನ್ನು ನೀವು ಹೇಳಿ.