ಅಪ್ಪನ ಹಳೆಯ ಫೋನ್ ಮಗನ ಕೈಗೆ ಹೋಗುವ ಮುನ್ನ



ನಮ್ಮ ಮನೆಗಳಲ್ಲಿ ಮಗುವಿನ ಮೊದಲ ಫೋನ್ ಅಂಗಡಿಯಿಂದ ಬರುವುದು ಕಡಿಮೆ. ಅಪ್ಪ ಹೊಸದು ಕೊಂಡಾಗ ಹಳೆಯದು ಮಗುವಿನ ಪಾಲಿಗೆ ಬರುತ್ತದೆ. ಹಾಗಾಗಿ ಇವತ್ತು ಆ ಹಳೆಯ ಆಂಡ್ರಾಯ್ಡ್ ಫೋನಿನ ಬಗ್ಗೆಯೇ ಹೇಳುತ್ತೇನೆ. ದೀಪಾವಳಿ ರಜೆಯಲ್ಲಿ ಪುಣೆಯ ನನ್ನ ತಂಗಿಯ ಮಗನಿಗೆ ಇದನ್ನು ಮಾಡಿಕೊಟ್ಟಿದ್ದೆ. ಅವನಿಗೆ 10 ವರ್ಷ.

ಮೊದಲ ಕೆಲಸವೇ ಮುಖ್ಯವಾದದ್ದು. ಫೋನಿನಲ್ಲಿ ಅಪ್ಪನ ಗೂಗಲ್ ಖಾತೆ ಇರುವವರೆಗೆ ಆ ಫೋನಿನ ಲೆಕ್ಕದಲ್ಲಿ ಅದನ್ನು ಬಳಸುತ್ತಿರುವವನು ಅಪ್ಪನೇ, ಮಗ ಅಲ್ಲ. ಆದ್ದರಿಂದ ಫೋಟೋಗಳನ್ನು ಬೇರೆಡೆ ಉಳಿಸಿಕೊಂಡು, ಅಪ್ಪನ ಖಾತೆ ತೆಗೆದು, ಆಮೇಲೆ ಫ್ಯಾಕ್ಟರಿ ರೀಸೆಟ್ ಮಾಡಿದೆವು. ಮತ್ತೆ ಆನ್ ಮಾಡಿ, ಮಗುವಿನ ನಿಜವಾದ ಹುಟ್ಟಿದ ದಿನಾಂಕ ಕೊಟ್ಟು ಹೊಸ ಖಾತೆ ತೆರೆದೆವು. ವಯಸ್ಸು ಚಿಕ್ಕದೆಂದು ಗೊತ್ತಾದಾಗ ಅದೇ ಪೋಷಕರ ಒಪ್ಪಿಗೆ ಕೇಳುತ್ತದೆ. ತಂಗಿ ತನ್ನ ಫೋನಿನಲ್ಲಿ Family Link ಎಂಬ ಉಚಿತ ಆಪ್ ಹಾಕಿಕೊಂಡಳು. ಮುಂದಿನದೆಲ್ಲ ಅವಳ ಫೋನಿನಿಂದಲೇ.

ಸಮಯದ ಮಿತಿ ಹಾಕುವುದು ಸುಲಭ. ಶಾಲೆಯ ದಿನ ಒಟ್ಟು 1 ಗಂಟೆ, ಶನಿವಾರ ಭಾನುವಾರ 2 ಗಂಟೆ, ರಾತ್ರಿ 9ರಿಂದ ಬೆಳಿಗ್ಗೆ 6:30ರವರೆಗೆ ಫೋನ್ ಲಾಕ್. ಲಾಕ್ ಆದರೂ ಬಂದ ಕರೆಯನ್ನು ಎತ್ತಬಹುದು, ಅಜ್ಜಿಯರು ಗಾಬರಿಯಾಗುವುದು ಬೇಡ. ಒಂದೊಂದು ಆಪ್‌ಗೂ ಬೇರೆ ಮಿತಿ ಇಡಬಹುದು. ಯೂಟ್ಯೂಬ್‌ಗೆ 30 ನಿಮಿಷ ಇಟ್ಟೆವು.

ವಾರ ಕಳೆದ ಮೇಲೆ ತಂಗಿ ಫೋನ್ ಮಾಡಿ, "ಅಕ್ಕಾ, ಯೂಟ್ಯೂಬ್ ಅರ್ಧ ಗಂಟೆಗೆ ನಿಲ್ಲುತ್ತಿದೆ, ಆದರೆ ಕ್ರೋಮ್ ದಿನಾ 25 ನಿಮಿಷ ತೋರಿಸುತ್ತಿದೆ" ಎಂದಳು. ಆಪ್ ಮುಚ್ಚಿಕೊಂಡಾಗ ಹುಡುಗ ಕ್ರೋಮ್ ತೆರೆದು ಅಲ್ಲಿ youtube.com ನೋಡುತ್ತಿದ್ದ! ಬುದ್ಧಿವಂತನೇ. ಆಪ್‌ನ ಮಿತಿ ಆ ಆಪ್‌ಗೆ ಮಾತ್ರ. ಕ್ರೋಮ್‌ಗೂ 15 ನಿಮಿಷದ ಮಿತಿ ಹಾಕಿ, ಆ ವಿಳಾಸವನ್ನು ನಿರ್ಬಂಧಿತ ತಾಣಗಳ ಪಟ್ಟಿಗೆ ಸೇರಿಸಿದೆವು. ಇಂಥದ್ದು ಕಣ್ಣಿಗೆ ಬೀಳುವುದು ಆಪ್‌ವಾರು ಬಳಕೆಯ ಲೆಕ್ಕದಲ್ಲಿ. ಒಟ್ಟು ಗಂಟೆಯನ್ನಷ್ಟೇ ನೋಡಿದರೆ ತಿಳಿಯುವುದಿಲ್ಲ.

ಕ್ರೋಮ್‌ನಲ್ಲಿ ಮೂರು ಆಯ್ಕೆಗಳಿವೆ: ಎಲ್ಲ ತಾಣಗಳೂ ತೆರೆಯಲಿ, ಅಶ್ಲೀಲವಾದದ್ದನ್ನು ತಡೆಯಲು ಪ್ರಯತ್ನಿಸಲಿ, ನಾವು ಒಪ್ಪಿದವು ಮಾತ್ರ ತೆರೆಯಲಿ. ಶಾಲೆಯ ಪ್ರಾಜೆಕ್ಟ್‌ಗೆ ಹುಡುಕಬೇಕಾದ ಮಗುವಿಗೆ ನನ್ನ ಪ್ರಕಾರ ಎರಡನೆಯದು ಸರಿ. ಅದರ ಹೆಸರಿನಲ್ಲೇ Try ಎಂದಿದೆ, ಅಂದರೆ ಕೆಲವು ನುಸುಳುತ್ತವೆ. ಈ ಸೋಸುವಿಕೆ ಕ್ರೋಮ್‌ನಲ್ಲಿ ಮಾತ್ರ ನಡೆಯುತ್ತದೆ. ಫೋನ್ ಕಂಪನಿಯೇ ಹಾಕಿಕೊಟ್ಟ ಇನ್ನೊಂದು ಬ್ರೌಸರ್ ಇದ್ದರೆ ಅದನ್ನು Family Linkನಿಂದಲೇ ಬ್ಲಾಕ್ ಮಾಡಿ. ಪ್ಲೇ ಸ್ಟೋರ್‌ನಲ್ಲಿ ಆಟಗಳಿಗೆ 7+ ವರೆಗೆ ಎಂದು ಇಟ್ಟೆವು. ಆದರೆ ಮೊದಲೇ ಇಳಿಸಿಕೊಂಡ ಆಟಗಳು ಇದರಿಂದ ಹೋಗುವುದಿಲ್ಲ, ಅವನ್ನು ಕೈಯಾರೆ ತೆಗೆಯಬೇಕು.

ಇನ್ನು ದುಡ್ಡಿನ ವಿಚಾರ. ಖರೀದಿ ಒಪ್ಪಿಗೆಯಲ್ಲಿ All content ಆರಿಸಿ. ಆಗ ಉಚಿತ ಆಪ್‌ಗೂ ಕೋರಿಕೆ ಅಮ್ಮನ ಫೋನಿಗೆ ಬರುತ್ತದೆ. ಒಪ್ಪುವ ಮೊದಲು ಆಟದ ಪುಟದಲ್ಲಿ In-app purchases ಎಂಬ ಸಾಲಿದೆಯೇ ನೋಡಿ. ಇಳಿಸುವುದು ಉಚಿತ, ಒಳಗೆ ಅಂಗಡಿ ಎಂದು ಅದರ ಅರ್ಥ.

ಆದರೆ ಈ ಒಪ್ಪಿಗೆ ಗೂಗಲ್ ಪ್ಲೇ ಮೂಲಕ ಹಣ ಕಟ್ಟುವಾಗ ಮಾತ್ರ ಕೇಳುತ್ತದೆ. ನಮ್ಮ ಪಕ್ಕದ ಕಟ್ಟಡದ ಒಂದು ಮನೆಯಲ್ಲಿ ಇದೆಲ್ಲ ಅಚ್ಚುಕಟ್ಟಾಗಿತ್ತು. ಆದರೂ ಹುಡುಗ ಆಟದ ನಾಣ್ಯ ಮಾರುವ ಒಂದು ತಾಣದ ಕ್ಯೂಆರ್ ಕೋಡನ್ನು ಅಮ್ಮನ ಫೋನಿನಲ್ಲಿ ಸ್ಕ್ಯಾನ್ ಮಾಡಿ 1,800 ರೂಪಾಯಿ ಕಟ್ಟಿದ್ದ. ತರಕಾರಿಯವನಿಗೆ ಕೊಡಲು ಅಮ್ಮನೇ ಅವನಿಗೆ ಯುಪಿಐ ಪಿನ್ ಹೇಳಿದ್ದರಂತೆ. Family Linkಗೆ ಅದು ಗೊತ್ತೇ ಆಗಲಿಲ್ಲ, ಗೊತ್ತಾಗಲು ದಾರಿಯೂ ಇಲ್ಲ. ಹಾಗಾಗಿ ಯುಪಿಐ ಪಿನ್ ಮಗುವಿಗೆ ಹೇಳಬೇಡಿ. ಬ್ಯಾಂಕಿಗೆ ಜೋಡಿಸಿದ ನಂಬರಿನ ಸಿಮ್ಮನ್ನೂ ಅವನ ಫೋನಿಗೆ ಹಾಕಬೇಡಿ, ಬ್ಯಾಂಕಿನ ಓಟಿಪಿ ಬರುವುದು ಆ ನಂಬರಿಗೇ.

ಎಲ್ಲ ಮುಗಿದ ಮೇಲೆ ಒಂದು ಪರೀಕ್ಷೆ ಮಾಡಿ. ಮಗುವಿನ ಫೋನಿನಿಂದ ಹಿಂದೆಂದೂ ಹಾಕಿರದ ಯಾವುದಾದರೂ ಉಚಿತ ಆಪ್ ಇಳಿಸಲು ಹೋಗಿ. ಒಪ್ಪಿಗೆ ಕೇಳದೆ ಇಳಿದುಬಿಟ್ಟರೆ, ಒಂದೋ All content ಆರಿಸಿಲ್ಲ, ಇಲ್ಲವೇ ಹಳೆಯ ಖಾತೆ ಇನ್ನೂ ಫೋನಿನಲ್ಲಿದೆ. ಚಹಾ ಆದ ಮೇಲೆ ನಾನು ಇಲ್ಲೇ ಇರುತ್ತೇನೆ. ಎರಡೂ ಫೋನ್ ತಂದವರು ಬನ್ನಿ, ಕೂತು ನೋಡೋಣ.