ಮುಖದ ಲಕ್ವ: ನರಕ್ಕೆ ಮೂರು ದಿನ, ಕಣ್ಣಿಗೆ ಮೊದಲ ರಾತ್ರಿ



ಮುಖದ ಅರ್ಧಭಾಗ ದಿಢೀರನೆ ಸೋತಾಗ ಅದನ್ನು ಯಾವ ವಿಭಾಗ ನೋಡಬೇಕು ಎಂಬ ಚರ್ಚೆ ಹಳೆಯದು. ಈ ವಿಚಾರ ಸಂಕಿರಣದ ಮುಂದೆ ನಾನಿಡುವ ಪ್ರಶ್ನೆ ಬೇರೆ: ರೋಗಿಯನ್ನು ಮೊದಲು ನೋಡಿದವರು ಆ ದಿನವೇ ಮಾಡಿ ಮುಗಿಸಬೇಕಾದದ್ದು ಏನು?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಸಕ್ಕರೆ ಕಾಯಿಲೆ ಇರುವ ನಲವತ್ತೆಂಟರ ಹೆಣ್ಣುಮಗಳು. ನಿನ್ನೆ ಸಂಜೆ ಬಲಗಿವಿಯ ಹಿಂದೆ ನೋವು. ಬೆಳಿಗ್ಗೆ ಬಾಯಿ ಮುಕ್ಕಳಿಸಿದರೆ ಬಲ ಕಟವಾಯಿಯಿಂದ ನೀರು ಸೋರಿತು, ಮುಖ ತೊಳೆಯುವಾಗ ಸೋಪು ಕಣ್ಣಿಗೆ ಹೋಯಿತು. ಮನೆಯವರು ಲಕ್ವ ಹೊಡೆಯಿತೆಂದು ಗಾಬರಿಯಾಗಿ ಕರೆತಂದಿದ್ದಾರೆ.

ಮೊದಲು ಹುಬ್ಬು ಏರಿಸಲು ಹೇಳಬೇಕು. ಹಣೆಯ ಸ್ನಾಯುಗಳಿಗೆ ಮಿದುಳಿನ ಎರಡೂ ಬದಿಯಿಂದ ಆಜ್ಞೆ ಬರುವುದರಿಂದ ಸಾಮಾನ್ಯ ಮಿದುಳಿನ ಆಘಾತದಲ್ಲಿ ಹಣೆಯ ಗೆರೆಗಳು ಉಳಿಯುತ್ತವೆ. ಇವರ ಬಲ ಹಣೆಯೂ ನುಣುಪಾಗಿದೆ, ಮಾತು ಸ್ಪಷ್ಟವಾಗಿದೆ, ಕೈಕಾಲಿನ ಬಲ ಸರಿಯಾಗಿದೆ. ಹಾಗಿದ್ದರೆ ಪೆಟ್ಟು ಬಿದ್ದಿರುವುದು ಮುಖದ ನರಕ್ಕೆ.

ಅವಸರ ಮಾಡಬಾರದ ಜಾಗ ಮುಂದಿನದು: ಕಿವಿ. ಓಟೋಸ್ಕೋಪ್ ಇಟ್ಟು ನೋಡದೆ ಬೆಲ್ಸ್ ಪಾಲ್ಸಿ ಎಂದು ಬರೆಯಬಾರದು. ಕಿವಿಯ ಕುಳಿಯಲ್ಲಿ ನೀರುಗುಳ್ಳೆ, ಜೊತೆಗೆ ತಲೆಸುತ್ತು ಅಥವಾ ಕಿವುಡು ಇದ್ದರೆ ಅದು ಸರ್ಪಸುತ್ತಿನ ವೈರಸ್ ತರುವ ರಾಮ್ಸೇ ಹಂಟ್ ಸಿಂಡ್ರೋಮ್. ಅಲ್ಲಿ ಸ್ಟೀರಾಯ್ಡ್ ಜೊತೆಗೆ ವೈರಸ್ ವಿರೋಧಿ ಔಷಧವೂ ಬೇಕು. ವರ್ಷಗಟ್ಟಲೆ ದುರ್ವಾಸನೆಯ ಕೀವು ಸೋರುತ್ತಿದ್ದರೆ ಮೂಳೆ ತಿನ್ನುವ ಕೊಲೆಸ್ಟಿಯಟೋಮಾ ಶಂಕಿಸಬೇಕು, ಅದಕ್ಕೆ ಶಸ್ತ್ರಚಿಕಿತ್ಸೆಯೇ ದಾರಿ. ಮಕ್ಕಳಲ್ಲಿ ತಮಟೆಯ ಹಿಂದೆ ಕೀವು ತುಂಬಿದ್ದರೆ ಆಂಟಿಬಯಾಟಿಕ್ ಕೊಟ್ಟು, ತಮಟೆ ಸೀಳಿ ಕೀವು ಹೊರಬಿಡಬೇಕಾಗುತ್ತದೆ. ನಮ್ಮ ರೋಗಿಗೆ ಸಕ್ಕರೆ ಕಾಯಿಲೆ ಇರುವುದರಿಂದ ಇನ್ನೊಂದು ಭಯವಿದೆ: ರಾತ್ರಿ ನಿದ್ದೆಗೆಡಿಸುವ ನೋವು, ಕಿವಿನಾಳದಲ್ಲಿ ಕೆಂಪು ಮಾಂಸದ ಗಂಟು ಕಂಡರೆ ಸೋಂಕು ತಲೆಬುರುಡೆಯ ತಳಕ್ಕೆ ಇಳಿದಿರಬಹುದು. ಅಂಥವರಿಗೆ ಬರೀ ಸ್ಟೀರಾಯ್ಡ್ ಕೊಟ್ಟರೆ ಸೋಂಕಿಗೇ ಬಲ ಬರುತ್ತದೆ.

ಇವರ ಕಿವಿ ಶುಭ್ರವಾಗಿದೆ. ಆದ್ದರಿಂದ ಇದು ಬೆಲ್ಸ್ ಪಾಲ್ಸಿ ಎಂದು ಹಿಡಿದು ಇಂದೇ ಸ್ಟೀರಾಯ್ಡ್ ಆರಂಭಿಸಬೇಕು. ಈ ನರ ಹಾದುಹೋಗುವ ಮೂಳೆಯ ಕೊಳವೆ ಅತಿ ಕಿರಿದಾದಲ್ಲಿ ಒಂದು ಮಿಲಿಮೀಟರ್‌ ಕೂಡ ಇಲ್ಲ. ಊದಿದ ನರಕ್ಕೆ ಹಿಗ್ಗಲು ಎಡೆಯಿಲ್ಲದೆ ಅದರ ರಕ್ತ ಸಂಚಾರವೇ ಕುಗ್ಗುತ್ತದೆ. 72 ಗಂಟೆಯೊಳಗೆ ಊತ ಇಳಿಸಬೇಕೆನ್ನುವುದು ಇದಕ್ಕೇ. 2007ರಲ್ಲಿ ಪ್ರಕಟವಾದ ಸ್ಕಾಟ್ಲೆಂಡಿನ ಅಧ್ಯಯನದಲ್ಲಿ ಈ ಅವಧಿಯೊಳಗೆ ಪ್ರೆಡ್ನಿಸೊಲೋನ್ 25 ಮಿಲಿಗ್ರಾಂ ದಿನಕ್ಕೆರಡು ಬಾರಿ, ಹತ್ತು ದಿನ ಕೊಟ್ಟರು. ಒಂಬತ್ತು ತಿಂಗಳಲ್ಲಿ ಪೂರ್ಣ ಗುಣವಾದವರು ಸುಮಾರು ಶೇ. 94, ಅದನ್ನು ಪಡೆಯದವರಲ್ಲಿ ಶೇ. 82. ಅಸೈಕ್ಲೋವಿರ್‌ನಿಂದ ಅಲ್ಲಿ ಲಾಭ ಕಾಣಲಿಲ್ಲ. ಸಕ್ಕರೆ ಕಾಯಿಲೆ ಇದೆಯೆಂದು ಸ್ಟೀರಾಯ್ಡ್ ತಡೆಹಿಡಿಯಬೇಕಿಲ್ಲ; ದಿನವೂ ಸಕ್ಕರೆ ಪರೀಕ್ಷಿಸಿ ಅದರ ಔಷಧವನ್ನು ಹೊಂದಿಸಬೇಕು.

ಚೀಟಿ ಇಲ್ಲಿಗೆ ಮುಗಿದರೆ ಕಣ್ಣು ಅನಾಥವಾಗುತ್ತದೆ. ನರಕ್ಕೆ ಮೂರು ದಿನದ ಗಡುವಿದೆ, ಕಾರ್ನಿಯಾ ಅಷ್ಟು ಕಾಯುವುದಿಲ್ಲ. ರೆಪ್ಪೆ ಅರೆತೆರೆದೇ ಮಲಗಿದ ಮೊದಲ ರಾತ್ರಿಯೇ ಅದು ಒಣಗತೊಡಗುತ್ತದೆ. ಕೆಳರೆಪ್ಪೆ ಜೋತು ಕಣ್ಣೀರು ಕೆನ್ನೆಗೆ ಹರಿಯುವುದರಿಂದ ‘ಕಣ್ಣಲ್ಲಿ ನೀರಿದೆಯಲ್ಲ’ ಎಂದು ರೋಗಿಯೂ ವೈದ್ಯರೂ ಮೋಸಹೋಗುತ್ತಾರೆ. ಆ ನೀರನ್ನು ಕಣ್ಣಿನ ಮೇಲೆ ಹರಡುವ ರೆಪ್ಪೆಯೇ ಅಲ್ಲಿ ಕೆಲಸ ನಿಲ್ಲಿಸಿರುತ್ತದೆ.

ಹಗಲು ಗಂಟೆಗೆ ಅಥವಾ ಎರಡು ಗಂಟೆಗೊಮ್ಮೆ ಕೃತಕ ಕಣ್ಣೀರು, ಹೊರಗೆ ಹೊರಟರೆ ಕನ್ನಡಕ. ರಾತ್ರಿ ದಪ್ಪ ಮುಲಾಮು ಹಚ್ಚಿ, ಬೆರಳಿನಿಂದ ರೆಪ್ಪೆ ಪೂರ್ತಿ ಮುಚ್ಚಿ, ಅದರ ಮೇಲೆ ಮೈಕ್ರೋಪೋರ್ ಟೇಪು. ಮುಚ್ಚದ ರೆಪ್ಪೆಯ ಮೇಲೆ ಹತ್ತಿ ಇಟ್ಟು ಕಟ್ಟುವ ರೂಢಿಯನ್ನು ಬಿಡಬೇಕು. ಒಳಗೆ ಕಣ್ಣು ತೆರೆದರೆ ಅದೇ ಹತ್ತಿ ಕಾರ್ನಿಯಾವನ್ನು ಉಜ್ಜಿ ಗಾಯ ಮಾಡುತ್ತದೆ. ಟೇಪು ಹಾಕುವ ಬಗೆಯನ್ನು ಮನೆಯವರಿಂದಲೇ ನಮ್ಮೆದುರು ಒಮ್ಮೆ ಮಾಡಿಸಿ ನೋಡಬೇಕು. ಕಣ್ಣು ಕೆಂಪಾದರೆ, ನೋವು ಬಂದರೆ, ದೃಷ್ಟಿ ಮಸುಕಾದರೆ ಅಂದೇ ನೇತ್ರ ವೈದ್ಯರ ಬಳಿಗೆ. ಕಾರ್ನಿಯಾದ ಸ್ಪರ್ಶಜ್ಞಾನವೂ ಹೋಗಿದ್ದರೆ ನೋವಿನ ಎಚ್ಚರಿಕೆಯೂ ಇರುವುದಿಲ್ಲ. ಅವರನ್ನು ಮೊದಲ ದಿನವೇ ಕಳಿಸಬೇಕು.

ಸೋಲು ವಾರಗಟ್ಟಲೆ ನಿಧಾನವಾಗಿ ಏರುತ್ತಿದ್ದರೆ, ಅಥವಾ ಮೂರು ತಿಂಗಳಾದರೂ ಚೇತರಿಕೆ ಪೂರ್ಣವಾಗದಿದ್ದರೆ ರೋಗನಿರ್ಣಯವನ್ನೇ ಮತ್ತೆ ಪ್ರಶ್ನಿಸಿ ಗೆಡ್ಡೆಗಾಗಿ ಹುಡುಕಬೇಕು.

ಈ ಎರಡು ದಿನಗಳ ಗೋಷ್ಠಿಗಳಿಂದ ನಾನು ಕೇಳುವುದು ಒಂದೇ ಪುಟದ ಕ್ರಮಸೂಚಿ. ಅದರಲ್ಲಿ ಹಣೆ, ಕಿವಿ, ಸ್ಟೀರಾಯ್ಡ್, ಕಣ್ಣು ಇವುಗಳಿಗೆ ನಾಲ್ಕು ಸಾಲು ಇರಲಿ. ನಾಲ್ಕನೆಯ ಸಾಲಿಗೂ ಮೊದಲು ನೋಡಿದ ವೈದ್ಯರೇ ಸಹಿ ಹಾಕಲಿ. ನೇತ್ರ ತಜ್ಞರಿಲ್ಲದ ಆಸ್ಪತ್ರೆಯಲ್ಲೂ ಟೇಪು, ಮುಲಾಮು ಇರುತ್ತವೆ.