ಮೂಗಿನ ಕೆಮ್ಮು, ದಮ್ಮಿನ ಕೆಮ್ಮು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆಯ ಕೇಳುಗರದು ಒಂದೇ ದೂರು: 'ಡಾಕ್ಟ್ರ, ಎಕ್ಸ್‌ರೇ ಸ್ವಚ್ಛ ಐತಿ, ಕಫದಾಗ ಟಿಬಿ ಇಲ್ಲ, ಕೆಮ್ಮು ಮಾತ್ರ ನಿಂದ್ರವಲ್ದು.'

ಎಂಟು ವಾರ ದಾಟಿದ ಇಂಥ ಕೆಮ್ಮಿಗೆ ಮೂರು ಮೂಲ ಹುಡುಕುತ್ತೇವೆ: ಮೂಗು, ದಮ್ಮು, ಹೊಟ್ಟೆಯ ಹುಳಿ. ರಾಮಿಪ್ರಿಲ್, ಎನಲಾಪ್ರಿಲ್‌ನಂಥ ಬಿಪಿ ಗುಳಿಗೆಯೂ ಒಣ ಕೆಮ್ಮು ತರಬಹುದು. ಅದನ್ನು ನೀವೇ ಬಿಡಬೇಡಿ, ಬದಲಿಸಲು ವೈದ್ಯರಿಗೆ ಹೇಳಿ.

'ಸಿಂಬಳ ಎದಿಯಾಗ ಇಳದು ಹೆಪ್ಪಗಟ್ಟೈತಿ' ಅನ್ನುವುದನ್ನು ಕೇಳಿ ಕೇಳಿ ನನಗೆ ಸಾಕಾಗಿದೆ. ಎದೆಗೆ ಇಳಿಯುವುದಿಲ್ಲ. ಮೂಗಿನ ಹಿಂದಿನಿಂದ ಜಾರಿದ್ದನ್ನು ನಾವು ದಿನವಿಡೀ ನುಂಗುತ್ತೇವೆ, ಅದು ಹೊಟ್ಟೆಗೆ ಹೋಗುತ್ತದೆ. ತೊಂದರೆ ಇರುವುದು ಗಂಟಲಿನ ನರಗಳಲ್ಲಿ. ಸಿಂಬಳ ತಾಗಿ ತಾಗಿ ಅವು ಕೆರಳುತ್ತವೆ. ಒಮ್ಮೆ ಕಳ್ಳನನ್ನು ಕಂಡ ಹೊಲದ ನಾಯಿ ಆಮೇಲೆ ಎಲೆ ಅಲುಗಿದರೂ ಬೊಗಳುತ್ತದಲ್ಲ, ಹಾಗೆ. ಆಗ ತಣ್ಣನೆ ಗಾಳಿ, ಒಗ್ಗರಣೆಯ ಘಾಟು, ಜೋರು ನಗು, ಯಾವುದಕ್ಕೂ ಕೆಮ್ಮು. ಮತ್ತೆ ಹೇಳುತ್ತೇನೆ: ಎದೆ ಖಾಲಿ ಇದೆ, ಕೆರಳಿರುವುದು ಗಂಟಲು. ಕಫ ಕರಗಿಸುವ ಸಿರಪ್ಪು ಬಾಟಲಿಗಟ್ಟಲೆ ಕುಡಿದರೂ ಅದು ಶಾಂತವಾಗದು.

ಪದೇಪದೇ ಗಂಟಲು ಸರಿಮಾಡುವುದು, ಮೂಗು ಕಟ್ಟುವುದು, ಗಂಟಲ ಹಿಂಗೋಡೆಯಲ್ಲಿ ಜಲ್ಲಿ ಹರಡಿದಂಥ ಉಬ್ಬುಗಳು ಮೂಗಿನ ಕಡೆ ಬೆರಳು ತೋರುತ್ತವೆ. ಬೆಳಗಿನ ಜಾವ ಎಬ್ಬಿಸುವ, ಓಡಿದರೆ ಏರುವ ಕೆಮ್ಮು ದಮ್ಮಿನದಿರಬಹುದು, ಸಿಳ್ಳೆ ಇರಲೇಬೇಕೆಂದಿಲ್ಲ. ಉಂಡಮೇಲೆ, ಬಗ್ಗಿದಾಗ ಬರುವುದು, ದನಿ ಒಡೆಯುವುದು ಹುಳಿಯ ಗುರುತು. ಎದೆಯುರಿ ಇಲ್ಲದೆಯೂ ಇರಬಹುದು. ಆದರೆ ಈ ಗುರುತುಗಳು ಒಂದರೊಳಗೊಂದು ಬೆರೆಯುತ್ತವೆ. ದಮ್ಮನ್ನು ಊದಿಸಿ ಅಳೆಯಬಹುದು, ಮೂಗಿನ ಕೆಮ್ಮಿಗೆ ಅಂಥ ಪರೀಕ್ಷೆಯೇ ಇಲ್ಲ. ಔಷಧಕ್ಕೆ ಇಳಿಯಿತೇ ಎಂಬುದೇ ಪರೀಕ್ಷೆ.

ಸವದತ್ತಿ ಕಡೆಯ ರೈತರೊಬ್ಬರು ಜೋಳದ ರಾಶಿಯಿಂದ ಶುರುವಾದ ಮೂರು ತಿಂಗಳ ಕೆಮ್ಮು ಹೊತ್ತು ಬಂದರು. ಜೇಬಿನಲ್ಲಿ ಅಸಿಡಿಟಿ ಗುಳಿಗೆ, ಇನ್ಹೇಲರ್, ಅಲರ್ಜಿ ಗುಳಿಗೆ, ಮೂರೂ ಒಟ್ಟಿಗೆ. ಯಾವುದು ನಾಟಿತೆಂದು ತಿಳಿಯುವುದು ಹೇಗೆ? ಮೂರನ್ನೂ ನಿಲ್ಲಿಸಿ, ಮೂಗಿಗೆ ಸ್ಟೀರಾಯ್ಡ್ ಸ್ಪ್ರೇ, ರಾತ್ರಿ ನಿದ್ದೆ ಬರಿಸುವ ಹಳೇ ತರದ ಅಲರ್ಜಿ ಗುಳಿಗೆ ಕೊಟ್ಟೆ. ಎರಡು ವಾರದಲ್ಲಿ ಹಗಲಿನ ಕೆಮ್ಮು ಬಹುತೇಕ ಹೋಯಿತು, ನಸುಕಿನ ಮೂರು ಗಂಟೆಯದು ಉಳಿಯಿತು. ಊದುವ ಮೀಟರ್ ಕೊಟ್ಟು ಬೆಳಗ್ಗೆ, ಸಂಜೆ ಬರೆದಿಡಲು ಹೇಳಿದೆ. ಬೆಳಗ್ಗೆ 290ರ ಹತ್ತಿರ, ಸಂಜೆ 380. ಎರಡು ವಾರವೂ ಇಷ್ಟೇ ಏರಿಳಿತ. ದಮ್ಮಿಲ್ಲದವರಲ್ಲಿ ಇಷ್ಟು ಇರುವುದಿಲ್ಲ. ಅವರಿಗೆ ಮೂಗೂ ಇತ್ತು, ದಮ್ಮೂ ಇತ್ತು. ಆಮೇಲೆ ಅದೇ ಇನ್ಹೇಲರ್ ಕೆಲಸ ಮಾಡಿತು. ಹುಳಿಯ ಚಿಕಿತ್ಸೆ ಬೇಕಾಗಲಿಲ್ಲ. ಬೇಕಾದರೆ ಅದಕ್ಕೆ ಎರಡು ಮೂರು ತಿಂಗಳು ಕಾಯಬೇಕು.

ಹೊತ್ತು ಮೀರಿತು, ಸ್ಪ್ರೇ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ. ತಲೆ ತುಸು ಬಗ್ಗಿಸಿ, ಎಡ ಹೊಳ್ಳೆಗೆ ಬಲಗೈಯಿಂದ, ಮೂತಿ ಕಿವಿಯ ಕಡೆಗೆ. ಜೋರಾಗಿ ಎಳೆಯಬೇಡಿ, ಔಷಧ ಹೊಟ್ಟೆ ಸೇರುತ್ತದೆ. ಕಟ್ಟಿದ ಮೂಗನ್ನು ತಕ್ಷಣ ಬಿಡಿಸುವ ಹನಿ ಬೇರೆಯದು. ಅದು ಐದು ದಿನ ದಾಟಿದರೆ ಮೂಗನ್ನು ಮತ್ತೆ ಕಟ್ಟಿಸುತ್ತದೆ.